ಗೆದ್ದುಬಿಟ್ಟ ಎರಡನೆಯ ಕರಪತ್ರ

ಓಮಲೂರಿನ ಕಂಬಳಿ ವ್ಯಾಪಾರಿ ಮುನಿವೆಂಕಟಪ್ಪನವರು ಅಂಚೆಯ ಮೂಲಕ ಮಾರುತ್ತಿದ್ದ ಕಂಬಳಿಗಳಿಗೆ ವಿವರಣೆ ಬರೆಯುವವನು ತಿಮ್ಮರಾಯಪ್ಪ. 1972ರ ನವೆಂಬರ್ 6, ಸೋಮವಾರದಂದು ತಾನು 'ಮೊದಲಾಳಿ' ಎಂದು ಕರೆಯುತ್ತಿದ್ದ ಈ ಯಜಮಾನರ ಅಪ್ಪಣೆಯಂತೆ, ಯಾವುದಕ್ಕೆ ಹೆಚ್ಚು ಆರ್ಡರು ಬರುತ್ತದೆಂದು ನೋಡಲು ಒಂದೇ ಕಂಬಳಿಗೆ ಎರಡು ಕರಪತ್ರಗಳನ್ನು ಬರೆದ. ಮೊದಲನೆಯದರಲ್ಲಿ ಉದ್ದಗಲ, ತೂಕ, ಉಣ್ಣೆಯ ಗುಣವಿದ್ದವು. ಎರಡನೆಯದು ಹೇಗೂ ಸೋಲುತ್ತದೆಂದು ನಂಬಿ, ಮಾರಂಡಹಳ್ಳಿಯ ಗುಂಡಮ್ಮ ಈ ಇಳಿವಯಸ್ಸಿನಲ್ಲೂ ಕೈಯಾರೆ ನೂತ ನೂಲಿದು ಎಂದು ತನ್ನ ತಾಯಿಯ ಹೆಸರನ್ನೇ ಬರೆದುಬಿಟ್ಟ. ಕಣ್ಣು ಮಂಜಾಗಿ ಆಕೆ ರಾಟೆ ಬಿಟ್ಟು ಎರಡು ವರ್ಷವಾಗಿತ್ತು.

ಬೆಲೆ, ಚಿತ್ರ ಎರಡರಲ್ಲೂ ಒಂದೇ. ವಿಳಾಸಪಟ್ಟಿಯಲ್ಲಿ ಒಬ್ಬರಿಗೆ ಮೊದಲನೆಯದು, ಮುಂದಿನವರಿಗೆ ಎರಡನೆಯದು ಎಂಬಂತೆ ತಲಾ ನಾನ್ನೂರು ಪ್ರತಿಗಳು ಒಂದೇ ದಿನ ಹೊರಟವು. ಯಾವುದರಿಂದ ಬಂದ ಆರ್ಡರೆಂದು ತಿಳಿಯಲು ಗಿರಾಕಿ ತುಂಬಿ ಕಳಿಸಬೇಕಾದ ಮರುಕಾರ್ಡಿನ ಮೂಲೆಯಲ್ಲಿ ಬೇರೆಬೇರೆ ಗುರುತಿತ್ತು. ಡಿಸೆಂಬರ್ 11ರಂದು ಎಣಿಸಿದಾಗ ಮೊದಲನೆಯದಕ್ಕೆ ಹತ್ತೊಂಬತ್ತು, ಎರಡನೆಯದಕ್ಕೆ ಐವತ್ತಮೂರು.

"ಇನ್ಮೇಲೆ ನಿಮ್ಮವ್ವಂದೇ ಅಚ್ಚಾಕ್ಸು," ಎಂದರು ಯಜಮಾನರು.

"ಅವ್ವ ಈಗ ನೂಲಾಕಿಲ್ಲ, ಮೊದಲಾಳಿ."

"ಬರೆಯೋವಾಗ ಅದು ಗೊತ್ತಿರ್ಲಿಲ್ವಾ?"

ಕೆಲಸ ಬಿಡುವ ಸ್ಥಿತಿ ತಿಮ್ಮರಾಯಪ್ಪನದಲ್ಲ. ಮನೆಗೆ ಬಂದು ತಾಯಿಗೆ ಎಲ್ಲವನ್ನೂ ಹೇಳಿದ. ಗುಂಡಮ್ಮ ಅವನ ದನಿಯ ಕಡೆಗೆ ತಿರುಗಿದಳು.

"ಊರೂರಿಗೆಲ್ಲ ನನ್ನೆಸ್ರು ಕಳ್ಸಿದ್ಯಾ? ಹಂಗಾರೆ ಅಟ್ಟದಿಂದ ರಾಟೆ ಇಳ್ಸು."

"ಬ್ಯಾಡವ್ವ, ಕಣ್ಣು ಕಾಣಾಕಿಲ್ಲ ನಿಂಗೆ."

"ಬರೆಯಾಕೆ ಮುಂಚೆ ಕೇಳ್ಬೇಕಿತ್ತು ಕಣ್ಲಾ. ನನ್ನೆಸ್ರಲ್ಲಿ ಸುಳ್ಳು ಇರಬಾರ್ದು."

ತಿಮ್ಮರಾಯಪ್ಪ ರಾಟೆ ಇಳಿಸಿದ. ಆಕೆ ನೂಲನ್ನು ಬೆರಳಿನಲ್ಲೇ ತಡವಿ ಹುಡುಕುತ್ತ ನೂಲತೊಡಗಿದಳು. ಎದುರಿಗೆ ಕೂತು ಅವನು ಅಚ್ಚಾಗಬೇಕಿದ್ದ ಹೊಸ ಸಾವಿರ ಪ್ರತಿಗಳಿಗಾಗಿ ಅದೇ ವಿವರಣೆಯನ್ನು ಮತ್ತೆ ನಕಲು ಮಾಡಿದ.