ದಿನಕ್ಕೊಂದು ಪತ್ತಾ ಬದಲಿಸಿದ ಫೋನು

ಹುಮನಾಬಾದಿನಲ್ಲಿ ನನ್ನದು ಇಂಟರ್ನೆಟ್ ಲೈನ್ ಎಳೆಯುವ ಕೆಲಸ. ಕಂಬ ಹತ್ತುವುದು, ಕೇಬಲ್ ಜೋಡಿಸುವುದು, ಆಮೇಲೆ ‘ನೆಟ್ ಬರವಲ್ದು’ ಎಂದು ಫೋನಿನಲ್ಲಿ ಬೈದವರ ಮನೆಗೇ ಹೋಗಿ ರೌಟರಿನ ಸ್ವಿಚ್ ಹಾಕಿ ಬರುವುದು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿ ಹೇಳುತ್ತಾಳೆ. ಸುಳ್ಳಲ್ಲ. ಆದರೆ ಬೆಳಿಗ್ಗೆ ಬಿಸಿ ರೊಟ್ಟಿ, ಪುಂಡಿಪಲ್ಯ ತಿಂದು, ಗಾಡಿಗೆ ಏಣಿ ಕಟ್ಟಿಕೊಂಡು ಹೊರಟರೆ ನನ್ನಷ್ಟು ಸುಖಿ ಈ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ ಎಂದು ನನಗೆ ನಿಜವಾಗಿಯೂ ಅನ್ನಿಸುತ್ತದೆ.

ಬಸವಕಲ್ಯಾಣದಲ್ಲಿ ನಾನು ನೋಡಿಕೊಳ್ಳುವ ಲೈನುಗಳಲ್ಲಿ ಒಂದು ಓದುವ ಕೋಣೆಯದು. ಬೇಳೆ ವ್ಯಾಪಾರಿಯೊಬ್ಬರು ಅಂಗಡಿಯ ಮೇಲಿನ ಮಹಡಿಯಲ್ಲಿ ಮೇಜು ಕುರ್ಚಿ ಹಾಕಿಸಿ, ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ಜಾಗ ಮಾಡಿಕೊಟ್ಟಿದ್ದರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ, ನಾನೂ. ಹಣೆ ತುಂಬ ವಿಭೂತಿ, ಬಾಯಿ ತುಂಬ ‘ಶರಣು’. ಮನುಷ್ಯ ಒಳ್ಳೆಯವರೇ, ಆದರೆ ಒಮ್ಮೆ ತಲೆಗೆ ಹೊಕ್ಕಿದ್ದು ಹೊರಗೆ ಬರುವುದಿಲ್ಲ.

ಎದುರಿನ ಚಹಾದಂಗಡಿಯವರು ಈ ಕೋಣೆಯ ವೈಫೈಯಲ್ಲಿ ಕ್ರಿಕೆಟ್ ನೋಡುತ್ತಾರೆ ಎಂಬುದು ಕಾಕಾ ಅವರ ದೂರಾಗಿತ್ತು. ಪಾಸ್‌ವರ್ಡ್ ಬದಲಿಸಿಕೊಟ್ಟೆ. ಕಾಕಾ ಅದನ್ನು ಕೆಳಗಿನ ಗದ್ದುಗೆಯಿಂದಲೇ ಮಹಡಿಗೆ ಕೇಳುವಂತೆ ಕೂಗಿ ಹೇಳಿದರು. ಸಂಜೆಯೊಳಗೆ ಚಹಾದಂಗಡಿಗೂ ಹೊಸ ಪಾಸ್‌ವರ್ಡ್ ಬಾಯಿಪಾಠವಾಯಿತು. ಕೊನೆಗೆ ನಾನು ಮ್ಯಾಕ್ ಫಿಲ್ಟರ್ ಹಾಕಿದೆ. ವೈಫೈಗೆ ಸೇರುವ ಪ್ರತಿ ಫೋನೂ ಅಂಕಿ, ಇಂಗ್ಲಿಷ್ ಅಕ್ಷರ ಬೆರೆತ ಒಂದು ಗುರುತು ತೋರಿಸುತ್ತದೆ. ಅದೇ ಮ್ಯಾಕ್ ಅಡ್ರೆಸ್. ನಾವು ಬರೆದುಕೊಟ್ಟ ಗುರುತುಗಳನ್ನು ಮಾತ್ರ ರೌಟರು ಒಳಗೆ ಬಿಡುತ್ತದೆ, ಉಳಿದವರಿಗೆ ಪಾಸ್‌ವರ್ಡ್ ಗೊತ್ತಿದ್ದರೂ ಬಾಗಿಲು ತೆರೆಯುವುದಿಲ್ಲ. ಅಡ್ರೆಸ್ ಎಂದರೆ ವಿಳಾಸ ತಾನೇ ಎಂದು ಕಾಕಾ ಅದಕ್ಕೆ ‘ಪತ್ತಾ’ ಎಂದು ಹೆಸರಿಟ್ಟರು. ಒಂದು ಸೀಟಿಗೆ ಒಂದು ಪತ್ತಾ. ಓದುವವರು ತಮ್ಮ ಪತ್ತಾ ನನಗೆ ಕಳಿಸುವುದು, ನಾನು ಹುಮನಾಬಾದಿನಲ್ಲಿ ಕುಳಿತೇ ಸೇರಿಸುವುದು. ಯಾರ್ಯಾರು ಸೇರಿದ್ದಾರೆ ಎಂದು ಕಾಕಾ ತಮ್ಮ ಫೋನಿನಲ್ಲಿ ನೋಡಿ ಸಂತೋಷಪಡುವುದು. ಎಲ್ಲ ಚೆನ್ನಾಗಿಯೇ ನಡೆದಿತ್ತು.

ಕಿಟಕಿಯ ಸೀಟಿಗೆ ಹತ್ತಿರದ ಹಳ್ಳಿ ಮೋರಖಂಡಿಯ ಹುಡುಗಿಯೊಬ್ಬಳು ಬರುತ್ತಿದ್ದಳು. ಕುರಿ ಸಾಕುವ ಮನೆ. ಶಿಕ್ಷಕಿಯಾಗಬೇಕೆಂದು ಓದುತ್ತಿದ್ದಳು, ಪಾಠಗಳೆಲ್ಲ ವಿಡಿಯೋದಲ್ಲಿ. ಅವಳ ಫೋನು ಮಾತ್ರ ಹಟಮಾರಿ. ಈ ದಿನ ಸೇರಿಸಿದರೆ ಮರುದಿನ ಹೊರಗೆ. ‘ಕನೆಕ್ಟಿಂಗ್’ ಎಂದು ತಿರುಗುತ್ತದೆ, ಬಿಟ್ಟುಬಿಡುತ್ತದೆ, ಮತ್ತೆ ತಿರುಗುತ್ತದೆ, ಮಧ್ಯಾಹ್ನದೊಳಗೆ ಬ್ಯಾಟರಿ ಮುಗಿಯುತ್ತದೆ. ಅವಳು ಬೆಳಿಗ್ಗೆ ಬಂದು ಕುಳಿತವಳೇ ಫೋನಿನಲ್ಲಿ ಕಂಡ ಹೊಸ ಪತ್ತಾ ಕಳಿಸುತ್ತಿದ್ದಳು. ನನಗೆ ಬೇರೆ ಕೆಲಸವಿಲ್ಲವೇ ಎಂದು ಗೊಣಗುತ್ತ, ಹಳೆಯದನ್ನು ಅಳಿಸದೆ, ಸೇರಿಸುತ್ತಿದ್ದೆ.

ಒಂದು ದಿನ ಕಾಕಾ ಫೋನ್ ಮಾಡಿದರು. ದನಿಯಲ್ಲಿ ಶರಣು ಇರಲಿಲ್ಲ.

“ಜಲ್ದಿ ಬರ್ರಿ ಇಲ್ಲಿ. ಕಿಟಕಿ ಸೀಟಿನ ಹೆಸರಲೆ ಎಷ್ಟ್ ಪತ್ತಾ ಅವ ನೋಡೀರೇನು? ಒಂದ್ ಡಜನ್ ಮ್ಯಾಲ ಅವ. ಈ ಹುಡುಗಿ ಊರ ಮಂದಿಗೆಲ್ಲ ನನ್ನ ನೆಟ್ ಹಂಚಾಕತ್ತಾಳ. ಅವರಪ್ಪಗ ಹೇಳಿ ಕಳಿಸೀನಿ.”

‘ಅವರಪ್ಪಗ’ ಎಂದದ್ದೇ ಕೈಯಲ್ಲಿದ್ದ ಕೆಲಸ ಬಿಟ್ಟು ಗಾಡಿ ಹತ್ತಿದೆ. ಹುಡುಗಿ ಒಬ್ಬಳೇ ದಿನಾ ಪೇಟೆಗೆ ಬಂದು ಹೋಗಲು ಮನೆಯವರು ಒಪ್ಪಿದ್ದು ಕಾಕಾ ಜವಾಬ್ದಾರಿ ಹೊತ್ತಿದ್ದಾರೆ ಎಂಬ ಒಂದೇ ಕಾರಣಕ್ಕೆ. ಕಂಡವರಿಗೆಲ್ಲ ಏನನ್ನೋ ಹಂಚುತ್ತಾಳೆ ಎಂಬ ಮಾತು ಕಾಕಾ ಬಾಯಿಂದಲೇ ಬಂದರೆ ಅವಳ ಓದು ಅಲ್ಲಿಗೇ ಮುಗಿಯಿತು. ಯಾವಾಗಲೂ ದಾರಿಯ ರಾಜೇಶ್ವರದಲ್ಲಿ ಚಹಾಕ್ಕೆ ನಿಲ್ಲುವವನು ಆ ದಿನ ನಿಲ್ಲಲಿಲ್ಲ.

ನಾನು ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಹುಡುಗಿಯ ಅಪ್ಪ ಬಂದು ಬೇಳೆಯ ಚೀಲಗಳ ಪಕ್ಕದಲ್ಲಿ ನಿಂತಿದ್ದ, ಹೆಗಲ ಮೇಲೆ ಕಂಬಳಿ. ಹುಡುಗಿ ಎದುರಿಗೆ, ಮುಖ ಕೆಂಪಗೆ. ಕಾಕಾ ತಮ್ಮ ಫೋನನ್ನು ಅಪ್ಪನ ಮೂಗಿನ ಹತ್ತಿರ ಹಿಡಿದು ಪತ್ತಾಗಳನ್ನು ಒಂದೊಂದಾಗಿ ತೋರಿಸುತ್ತಿದ್ದರು. ಓದು ಬಾರದ ಆತ ಪ್ರತಿಯೊಂದಕ್ಕೂ ತಲೆಯಾಡಿಸುತ್ತಿದ್ದ.

ಆಮೇಲೆ ಆತ ಸೊಂಟದ ಚೀಲದಿಂದ ಒಂದು ಚಿಟಿಕೆ ಬಂಡಾರ ತೆಗೆದು ಅಂಗೈಯಲ್ಲಿಟ್ಟುಕೊಂಡ. ಅವರ ಮನೆದೇವರ ಅರಿಶಿನ ಅದು. ಅದನ್ನು ಮುಟ್ಟಿ ಸುಳ್ಳು ಹೇಳುವವರು ಅವರಲ್ಲಿ ಇಲ್ಲ.

“ಇದ ಮುಟ್ಟಿ ಹೇಳ್ ಯವ್ವಾ. ಒಂದೇ ಫೋನ್ ಅಂತ ಹೇಳು. ಕಾಕಾರೂ ನಂಬ್ತಾರ, ನಾನೂ ನಂಬ್ತೀನಿ.”

ಹುಡುಗಿ ಕೈ ಚಾಚಲಿಲ್ಲ. “ವೈಫೈ ಸಲುವಾಗಿ ನಾ ಬಂಡಾರ ಮುಟ್ಟಂಗಿಲ್ಲಪ್ಪಾ. ಒಂದೇ ಫೋನ್ ಅದ ಅಂತ ಹೇಳೀನಿ. ಅಷ್ಟೇ.”

“ನೋಡ್ರಿ,” ಎಂದರು ಕಾಕಾ. “ಖರೇ ಇದ್ದವರು ಯಾಕ ಅಂಜ್ತಾರ?”

ಅಪ್ಪನ ಅಂಗೈ ಹಾಗೆಯೇ ತೆರೆದುಕೊಂಡು ನಿಂತಿತ್ತು. ಆತ ಮಗಳನ್ನು ನೋಡಿದ ರೀತಿ ನನಗೆ ಸಹಿಸಲಾಗಲಿಲ್ಲ. ದೇವರನ್ನು ಇಂಥ ಚಿಲ್ಲರೆಗೆ ಎಳೆಯಬಾರದು ಎಂಬ ಅವಳ ಮರ್ಯಾದೆಯೇ ಅವಳ ತಪ್ಪಾಗಿ ಕುಳಿತಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

“ಫೋನ್ ಕೊಡವ್ವ ಇಲ್ಲಿ,” ಎಂದೆ.

ಅವಳ ಅಣ್ಣ ಬಳಸಿ ಬಿಟ್ಟ ಫೋನು ಅದು. ಒಳಹೊಕ್ಕು ನೋಡಿದರೆ ಸಾಮಾನ್ಯವಾಗಿ ಮುಚ್ಚಿರುವ ‘ಡೆವಲಪರ್ ಆಪ್ಶನ್ಸ್’ ಪುಟ ತೆರೆದೇ ಇತ್ತು. ಗೇಮ್ ಜೋರಾಗಿ ಓಡಲಿ ಎಂದು ಅಣ್ಣ ಅಲ್ಲಿ ಸಿಕ್ಕ ಸ್ವಿಚ್ಚುಗಳನ್ನೆಲ್ಲ ಒತ್ತಿಬಿಟ್ಟಿದ್ದ. ಅವುಗಳಲ್ಲಿ ವೈಫೈ ಗುರುತನ್ನು ಮತ್ತೆ ಮತ್ತೆ ಬದಲಿಸುವ ಸ್ವಿಚ್ಚೂ ಇತ್ತು. 

ಕಾಕಾಗೆ ವಿವರಿಸಿದೆ. ಈಗಿನ ಫೋನುಗಳು ಕಾರ್ಖಾನೆಯಲ್ಲಿ ಕೊಟ್ಟ ಗುರುತನ್ನು ಹೋದಲ್ಲೆಲ್ಲ ತೋರಿಸುವುದಿಲ್ಲ, ಯಾರೂ ಬೆನ್ನು ಹತ್ತಬಾರದೆಂದು ಒಂದೊಂದು ವೈಫೈಗೆ ಒಂದೊಂದು ಸುಳ್ಳು ಗುರುತು ಕಟ್ಟಿಕೊಳ್ಳುತ್ತವೆ. ಮೇಲೆ ಓದುತ್ತಿರುವವರ ಫೋನುಗಳೂ ಹಾಗೆಯೇ. ಆದರೆ ನಿಮ್ಮ ವೈಫೈಗೆ ಒಮ್ಮೆ ಕಟ್ಟಿದ ಗುರುತನ್ನೇ ಅವು ಹಿಡಿದುಕೊಂಡಿರುತ್ತವೆ, ಅದಕ್ಕೇ ತಕರಾರಿಲ್ಲ. ಈ ಫೋನಿಗೆ ಮಾತ್ರ ಹೆಚ್ಚುಕಡಿಮೆ ದಿನಕ್ಕೊಂದು ಹೊಸದು ಬೇಕು. ಇಷ್ಟೂ ಪತ್ತಾ ಇದೊಂದರವೇ.

ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ದಿನಾ ಪತ್ತಾ ಬದಲಿಸಾಕ ಅದೇನು ಬಾಡಿಗಿ ಮನ್ಯಾಗ ಅದ ಏನ್ರಿ? ನೀವೂ ಆಕಿ ಕಡೆ ಆದ್ರಿ.”

ಸ್ವಿಚ್ ಆಫ್ ಮಾಡಿದ್ದರೆ ನನ್ನ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು, ನಾಳೆಯಿಂದ ತೊಂದರೆಯೂ ಇರುತ್ತಿರಲಿಲ್ಲ. ಆದರೆ ಅವಳ ಮೇಲಿನ ಮಾತು ಹಾಗೇ ಉಳಿಯುತ್ತಿತ್ತು. ಹಾಗಾಗಿ ಮುಟ್ಟಲಿಲ್ಲ. ಆ ದಿನದ ಪತ್ತಾವನ್ನು ಎಲ್ಲರ ಮುಂದೆ ಸೇರಿಸಿದೆ, ಫೋನು ತಕರಾರಿಲ್ಲದೆ ಒಳಗೆ ಹೋಯಿತು. ಆ ಪತ್ತಾವನ್ನು ತೊಗರಿಯ ದರ ಬರೆಯುವ ಹಲಗೆಯ ಮೇಲೆ ಕಾಕಾ ಕೈಯಿಂದಲೇ ಬರೆಸಿದೆ. ಆಮೇಲೆ ಫೋನನ್ನು ಆಫ್ ಮಾಡಿ ಅವರಿಗೇ ಕೊಟ್ಟೆ.

“ಗಲ್ಲಾದಾಗ ಇಟ್ಟು ಕೀಲಿ ಹಾಕ್ರಿ ಕಾಕಾ. ಒಂದ್ ದಿನ ತುಂಬಲಿ. ನಾಳೆ ಮಧ್ಯಾಹ್ನ ನೀವಽ ತಗೀರಿ, ನೀವಽ ಚಾಲೂ ಮಾಡ್ರಿ. ಬ್ಯಾರೆ ಯಾರೂ ಮುಟ್ಟೂದು ಬ್ಯಾಡ.”

“ಅದಽ ಪತ್ತಾ ಇದ್ರ?”

ಉತ್ತರ ಅಪ್ಪನೇ ಕೊಟ್ಟ. “ಇದ್ರ ಮಗಳನ್ನ ಕರ್ಕೊಂಡ್ ಹೋಗ್ತೀನ್ರಿ. ಮತ್ತ ಕಳ್ಸಂಗಿಲ್ಲ.” ಬಂಡಾರವನ್ನು ನೆಲಕ್ಕೆ ಬೀಳದಂತೆ ಜೋಪಾನವಾಗಿ ಚೀಲಕ್ಕೆ ಹಾಕಿಕೊಂಡ. ಹುಡುಗಿ ಅವನ ಹಿಂದೆ ಹೊರಟಳು.

ವಾಪಸು ಬರುವಾಗ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಸ್ವಿಚ್ಚಿನ ವಿಷಯ ನನಗೆ ಗೊತ್ತಿತ್ತು, ಖರೆ. ಆದರೆ ಎಲ್ಲ ಕಂಪನಿಯ ಫೋನುಗಳೂ ಒಂದೇ ಥರ ನಡೆದುಕೊಳ್ಳುವುದಿಲ್ಲ. ಆ ಫೋನು ನಾಳೆಯೊಂದು ದಿನ ಸಭ್ಯವಾಗಿ ಹಳೆಯ ಪತ್ತಾವನ್ನೇ ಹಿಡಿದು ಕುಳಿತರೆ? ಒಂದು ಹುಡುಗಿಯ ಓದನ್ನು ನಾನು ಗಲ್ಲಾದೊಳಗಿಟ್ಟು ಬಂದಿದ್ದೆ. ಹೆಂಡತಿಗೆ ಹೇಳಿದಾಗ ಅವಳು, “ನೀವು ಮಾಡಿದ್ದು ಬರೋಬರಿ ಅದ, ಉಣ್ರಿ,” ಎಂದಳು. ಉಂಡೆ. ನಿದ್ದೆಯೂ ಬಂತು. ಅವಳ ಮಾತಿಗೆ ನನ್ನ ಮೇಲೆ ಅಷ್ಟು ಹಿಡಿತವಿದೆ.

ಮಾರನೆಯ ದಿನ ನಾನು ಹೋಗುವಷ್ಟರಲ್ಲಿ ಅಪ್ಪ ಮಗಳು ಬಂದು ಕುಳಿತಿದ್ದರು. ಮಧ್ಯಾಹ್ನ ದಾಟಿದ ಮೇಲೆ ಕಾಕಾ ಗಲ್ಲಾದ ಕೀಲಿ ತೆಗೆದರು. ಫೋನನ್ನು ಎರಡೂ ಕೈಯಲ್ಲಿ ಹಿಡಿದು ಚಾಲೂ ಮಾಡಿದರು. ಹುಡುಗಿ ಪಿನ್ ಹೇಳಿದಳು, ಅವರು ಒತ್ತಿದರು. ನಾನು ಬೇಕೆಂದೇ ಚೀಲಗಳ ಆಚೆ ನಿಂತಿದ್ದೆ.

ಫೋನು ವೈಫೈ ಹುಡುಕಿತು. ಕನೆಕ್ಟಿಂಗ್ ಎಂದಿತು. ಬಿಟ್ಟಿತು. ಮತ್ತೆ ಕನೆಕ್ಟಿಂಗ್ ಎಂದಿತು, ಮತ್ತೆ ಬಿಟ್ಟಿತು. ಕಾಕಾ ಕನ್ನಡಕ ಸರಿಮಾಡಿಕೊಂಡರು. “ಒಳಗ ಬಿಡವಲ್ದಲ್ರಿ ಇದು.”

“ಪತ್ತಾ ಓದ್ರಿ,” ಎಂದೆ.

ಎಲ್ಲಿ ಒತ್ತಬೇಕೆಂದು ದೂರದಿಂದಲೇ ಹೇಳಿದೆ. ಅವರು ಹಲಗೆಯ ಮುಂದೆ ನಿಂತು ಒಂದೊಂದೇ ಅಕ್ಷರ ಜೋರಾಗಿ ಓದತೊಡಗಿದರು, ಪಾಸ್‌ವರ್ಡ್ ಕೂಗಿದ್ದ ಹಾಗೆಯೇ, ಚಹಾದಂಗಡಿಗೂ ಕೇಳುವಂತೆ. ಮೊದಲನೆಯದೇ ಹೊಂದಲಿಲ್ಲ. ಎರಡನೆಯದೂ. ಓದುತ್ತ ಓದುತ್ತ ದನಿ ಇಳಿಯಿತು. ಕೊನೆಯ ಅಕ್ಷರಗಳನ್ನು ಅವರು ಬಾಯಿಬಿಟ್ಟು ಓದಲಿಲ್ಲ.

ನನಗೆ ಕುಣಿಯಬೇಕೆನ್ನುವಷ್ಟು ಸಂತೋಷವಾಯಿತು. ಅಪ್ಪನಿಗೆ ಹಲಗೆಯ ಮೇಲಿನದು ಓದಲು ಬರದಿದ್ದರೂ ಕಾಕಾ ಮುಖ ಓದಲು ಬಂತು. ಆತ ಕಂಬಳಿಯ ಅಂಚಿನಿಂದ ಕಣ್ಣೊರೆಸಿಕೊಂಡ.

ಹುಡುಗಿ ಎದ್ದು ಬಂದಳು. ದನಿ ಏರಿಸಲಿಲ್ಲ.

“ಕಾಕಾ, ಫೋನ್ ನಿಮ್ಮ ಗಲ್ಲಾದಾಗ ಇತ್ತಲ್ರಿ. ಯಾರಿಗೆ ಕೊಟ್ಟಿದ್ರಿ?”

ಕಾಕಾ ಹಲಗೆಯ ಮೇಲಿನ ಪತ್ತಾವನ್ನು ಅಂಗೈಯಿಂದ ಒರೆಸಿದರು. ಆಮೇಲೆ ಫೋನನ್ನು ಅವಳ ಕೈಗಿಟ್ಟರು.

“ಯಾರಿಗೂ ಕೊಟ್ಟಿಲ್ಲವ್ವ,” ಎಂದರು.

“ನಾನೂ ಅದಽ ಹೇಳಿದ್ದೆ,” ಎಂದಳು ಅವಳು.