ಮೈಕಿಗೆ ಎಂಜಲು ತಾಗಬಾರದು

ಧ್ವನಿ ಪರೀಕ್ಷೆಯ ಆ ಹಾಳೆ ಇನ್ನೂ ನನ್ನ ಬಳಿ ಇದೆ. ಹನ್ನೊಂದನೇ ಸಾಲಿನಲ್ಲಿ ಸಿದ್ದಾಪುರದ ಅರ್ಜಿ ಬರೆಯುವ ಮಾವನ ಸಂಖ್ಯೆ, ಅದರ ಮುಂದೆ ಷರಾ: ‘ಮಾತುಗಾರನ ಉಚ್ಚಾರಣೆ ಅಸ್ಪಷ್ಟ. ಕೈಬಿಡಿ.’ ಮೂವತ್ತೈದು ವರ್ಷ ಮಾತನ್ನೇ ಬರಹ ಮಾಡಿ ಅನ್ನ ಉಂಡ ಮನುಷ್ಯನಿಗೆ ಎರಡು ಮೈಕು, ಒಂದು ಸಾಫ್ಟ್‌ವೇರು ಸೇರಿ ಕೊಟ್ಟ ಸರ್ಟಿಫಿಕೇಟು ಇದು. ಓದಿದಾಗಲೆಲ್ಲ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಬಾಯಿ ಮಾಡಿದ್ದೇ ನನ್ನ ದೊಡ್ಡ ಅರ್ಹತೆ. ಗದ್ದಲದ ಬೀದಿಯಲ್ಲೂ ಫೋನಿನ ಮಾತು ಸ್ವಚ್ಛವಾಗಿ ಕೇಳಬೇಕು, ಬಾಯಲ್ಲಿ ಹೇಳಿದ್ದು ಕನ್ನಡದಲ್ಲಿ ತಾನಾಗಿ ಟೈಪ್ ಆಗಬೇಕು ಎಂದು ಹೊರಟಿದ್ದ ಒಂದು ಸಣ್ಣ ಕಂಪನಿಗೆ ನಮ್ಮ ಕಡೆಯ ಧ್ವನಿಗಳು ಬೇಕಾಗಿದ್ದವು. ಮೂರು ತಾಲೂಕು ಸುತ್ತಿ ರೆಕಾರ್ಡ್ ಮಾಡುವ ಕೆಲಸ ನನಗೆ ಸಿಕ್ಕಿತು. ಶಿರಸಿಯ ಬಸ್ ಸ್ಟ್ಯಾಂಡಿನ ಬಾಯಲ್ಲಿ, ಯಲ್ಲಾಪುರದಲ್ಲಿ ಅದಿರು ಲಾರಿ, ಟ್ಯಾಂಕರ್‌ಗಳು ಗೇರ್ ಬದಲಿಸುವ ಹೆದ್ದಾರಿಯ ಬದಿಯಲ್ಲಿ, ಸಿದ್ದಾಪುರದಲ್ಲಿ ತಾಲೂಕು ಕಚೇರಿಯ ಎದುರಿನ ಬೆಂಚುಗಳ ಸಾಲಿನಲ್ಲಿ ಜನರ ಕೈಗೆ ಪರೀಕ್ಷೆಯ ಫೋನು ಕೊಟ್ಟು ಮಾತಾಡಿಸುವುದು. ಮಾತು ಎರಡು ಬಗೆಯಲ್ಲಿ ಉಳಿಯುತ್ತಿತ್ತು: ಮೈಕುಗಳಿಗೆ ಕೇಳಿದ ಹಾಗೇ ಹಸಿಯಾಗಿ ಒಮ್ಮೆ, ಗದ್ದಲ ತೆಗೆದ ಮೇಲೆ ಇನ್ನೊಮ್ಮೆ.

ಮಾವ ನನ್ನ ಸಂಬಂಧಿಯಲ್ಲ. ಆ ಬೆಂಚಿಗೆ ಬರುವವರೆಲ್ಲ ಹಾಗೇ ಕರೆಯುತ್ತಾರೆ. ಪಹಣಿಯಲ್ಲಿ ಹೆಸರು ತಪ್ಪಿದೆ, ಪಿಂಚಣಿ ನಿಂತಿದೆ, ದಾರಿಗೆ ಬೇಲಿ ಹಾಕಿದ್ದಾರೆ ಎಂದು ನಿಲ್ಕುಂದದ ಆಚೆಯಿಂದಲೂ ಜನ ಅವರನ್ನೇ ಹುಡುಕಿಕೊಂಡು ಬರುತ್ತಾರೆ, ಏಕೆಂದರೆ ಅವರು ಬರೆದ ಅರ್ಜಿ ಒಳಗೆ ಹೋದರೆ ತಿರುಗಿ ಬರುವುದು ಕಡಿಮೆ. ಕಳೆದ ವರ್ಷದಿಂದ ಅವರ ಬಲಗೈ ನಡುಗುತ್ತದೆ. ಪೆನ್ನು ನಿಲ್ಲುವುದಿಲ್ಲ, ಟೈಪಿಂಗಿನ ಕೀಲಿ ಒಂದರ ಬದಲು ಎರಡು ಒತ್ತಿಹೋಗುತ್ತದೆ. ಬಾಯಲ್ಲಿ ಹೇಳಿ ಟೈಪ್ ಮಾಡಿಸುವುದು ಅವರಿಗೆ ಶೋಕಿಯಲ್ಲ. ಪರೀಕ್ಷೆಯಲ್ಲಿ ಒಪ್ಪಿಗೆಯಾದವರಿಗೆ ಕಂಪನಿ ಆ ಸಲಕರಣೆಯನ್ನು ಬಳಕೆಗೆ ಬಿಟ್ಟುಹೋಗುತ್ತದೆ ಎಂದು ಮೊದಲ ದಿನವೇ ಹೇಳಿದ್ದೆ. ಅದು ಸಿಕ್ಕರೆ ಬೆಂಚು ಉಳಿಯುತ್ತದೆ, ಇಲ್ಲದಿದ್ದರೆ ಈ ಮಳೆಗಾಲಕ್ಕೆ ಬಿಡುವುದು ಎಂದು ಅವರು ಲೆಕ್ಕ ಹಾಕಿ ಕೂತಿದ್ದರು. ಆ ಮೇಲೆ ಬಂದದ್ದು ಈ ಷರಾ.

ನಾನು ಸುಮ್ಮನಿರುವ ಜಾತಿಯವಳಲ್ಲ. ಅದೇ ಮಧ್ಯಾಹ್ನ ಕಂಪನಿಯ ಮೇಲ್ವಿಚಾರಕನಿಗೆ ಫೋನು ಹಚ್ಚಿ ಹತ್ತು ನಿಮಿಷ ಭಾಷಣ ಮಾಡಿದೆ. ನಿಮ್ಮ ಯಂತ್ರಕ್ಕೆ ಬೆಂಗಳೂರಿನ ಕನ್ನಡವೊಂದೇ ಕನ್ನಡ, ನಮ್ಮ ಕಡೆಯ ಮಾತು ಗದ್ದಲ, ಇದು ತಾರತಮ್ಯ ಎಂದೆಲ್ಲ. ಆತ ಸಾವಧಾನವಾಗಿ ಕೇಳಿಸಿಕೊಂಡು ಎರಡೇ ಪ್ರಶ್ನೆ ಹಾಕಿದ. ಯಲ್ಲಾಪುರದ ಚಹಾದಂಗಡಿಯ ಅಕ್ಕ ನಿಮ್ಮ ಕಡೆಯ ಮಾತನ್ನೇ ಅಲ್ಲವಾ ಆಡಿದ್ದು, ಆಕೆಯದು ಹೇಗೆ ಪಾಸಾಯಿತು? ಈ ಹಿರಿಯರು ಹೇಳಿ ಬರೆಸಿದ್ದು ಏನು? ಮಾವ ಹೇಳಿ ಬರೆಸಿದ್ದು ‘ಮಾನ್ಯ ತಹಶೀಲ್ದಾರರವರ ಸನ್ನಿಧಿಗೆ, ಕೆಳಗೆ ಸಹಿ ಮಾಡಿದ ಅರ್ಜಿದಾರನ ವಿನಂತಿ’ ಎಂಬ ಕಚೇರಿಯ ಕನ್ನಡ. ಅದರಲ್ಲಿ ನಮ್ಮ ಕಡೆಯದು ಒಂದಕ್ಷರವೂ ಇಲ್ಲ. ಸಾಕ್ಷಿ ನೋಡದೆ ವಾದಕ್ಕೆ ಇಳಿದಿದ್ದೆ. ಸ್ಪರ್ಧೆಯಲ್ಲಾದರೆ ಅಂಕ ಹೋಗುತ್ತಿತ್ತು, ಇಲ್ಲಿ ಹೋಗುತ್ತಿದ್ದದ್ದು ಮಾವನ ಬೆಂಚು.

ಆದ್ದರಿಂದ ಕೂತು ಕೇಳಿದೆ. ಮೊದಲು ಗದ್ದಲ ತೆಗೆದದ್ದು. ಬಸ್ಸಿನ ಹಾರನ್ನು ಇಲ್ಲ, ಕಾಗೆ ಇಲ್ಲ, ಪಕ್ಕದ ಜೆರಾಕ್ಸ್ ಅಂಗಡಿಯ ಗುರ್ ಶಬ್ದವಿಲ್ಲ. ಮಾವನೂ ಇಲ್ಲ. ಅಲ್ಲೊಂದು ಇಲ್ಲೊಂದು ‘ಆ’ಕಾರ, ‘ಓ’ಕಾರ ತಲೆ ಎತ್ತಿ ಮುಳುಗುತ್ತಿದ್ದವು, ‘ಸ’, ‘ಶ’, ‘ಹ’ದಂಥ ಬಡ ಅಕ್ಷರಗಳಂತೂ ಗುಡಿಸಿಹೋಗಿದ್ದವು. ಟೈಪಿಸುವ ಯಂತ್ರಕ್ಕೆ ಸಿಕ್ಕಿದ್ದು ಇಷ್ಟೇ. ಆಮೇಲೆ ಹಸಿ ರೆಕಾರ್ಡಿಂಗು. ಫೋನಿಗೆ ಎರಡು ಮೈಕು: ಬಾಯಿಯ ಹತ್ತಿರ ಬರಲಿ ಎಂದು ಕೆಳಗಿನ ಅಂಚಿನಲ್ಲಿ ಒಂದು, ಮೇಲಿನ ಅಂಚಿನಲ್ಲಿ ಒಂದು. ಒಂದೊಂದನ್ನೇ ಬೇರೆ ಮಾಡಿ ಕೇಳಿದೆ. ಮೇಲಿನದರಲ್ಲಿ ಮಾವ ಗದ್ದಲದ ನಡುವೆಯೂ ಗಂಟೆ ಬಾರಿಸಿದ ಹಾಗೆ ಸ್ಪಷ್ಟ. ಕೆಳಗಿನದರಲ್ಲಿ, ಬಾಯಿಗೆ ಅಷ್ಟು ಹತ್ತಿರದಲ್ಲಿರಬೇಕಾದ ಮೈಕಿನಲ್ಲಿ, ಕಂಬಳಿ ಹೊದ್ದು ಮಾತಾಡಿದ ಹಾಗೆ ಮಂಕು.

ಈ ಸಾಫ್ಟ್‌ವೇರಿನ ಬುದ್ಧಿ ಎಷ್ಟು ಎಂದು ತರಬೇತಿಯಲ್ಲಿ ಹೇಳಿದ್ದರು. ದೂರದಿಂದ ಬರುವ ಬಸ್ಸಿನ ಸದ್ದು ಎರಡೂ ಮೈಕಿಗೆ ಹೆಚ್ಚುಕಡಿಮೆ ಒಂದೇ ಜೋರಿನಲ್ಲಿ ಕೇಳುತ್ತದೆ. ಬಾಯಿ ಹತ್ತಿರವಿರುವುದರಿಂದ ಮಾತು ಮಾತ್ರ ಕೆಳಗಿನ ಮೈಕಿಗೆ ಜೋರು, ಮೇಲಿನದಕ್ಕೆ ಮೆತ್ತಗೆ. ಹಾಗಾಗಿ ಕ್ಷಣಕ್ಷಣಕ್ಕೂ ಎರಡನ್ನೂ ಹೋಲಿಸಿ, ಕೆಳಗೆ ಜೋರಾದದ್ದನ್ನು ಮಾತೆಂದು ಉಳಿಸುವುದು, ಸಮವಾದದ್ದನ್ನು ಗದ್ದಲವೆಂದು ಅದುಮುವುದು. ಕೆಳಗಿನ ಮೈಕು ಮಂಕಾಗಿ ಮೇಲಿನದೇ ಜೋರಾದರೆ ಮಾತಾಡಿದವನೇ ಗದ್ದಲ.

ಮೈಕು ಮಂಕಾಗಿದ್ದೇಕೆ? ಫೋನು ಕೆಟ್ಟಿರಬೇಕೆಂದು ಕೆಳಗಿನ ತೂತು ನೋಡಿದೆ, ಚೊಕ್ಕಟವಾಗಿತ್ತು. ಮರುದಿನ ಬೆಳಿಗ್ಗೆ ಅದೇ ಫೋನು ಹಿಡಿದು ಸಿದ್ದಾಪುರಕ್ಕೆ ಹೋದೆ. ಮಾವ ಆಗಷ್ಟೇ ಎಲೆಯಡಿಕೆಯ ಕವಳ ಹಾಕಿ ದವಡೆಗೆ ಒತ್ತಿದ್ದರು. ಎಡಗೈಯಲ್ಲಿ ಫೋನು, ನಡುಗುವ ಬಲಗೈಯನ್ನು ಬೋಗುಣಿ ಮಾಡಿ ಬಾಯಿಗೂ ಫೋನಿನ ಕೆಳ ಅಂಚಿಗೂ ನಡುವೆ ಗೋಡೆಯ ಹಾಗೆ ಒತ್ತಿ ಹಿಡಿದು ಶುರುಮಾಡಿದರು: ಮಾನ್ಯ ತಹಶೀಲ್ದಾರರವರ ಸನ್ನಿಧಿಗೆ. ಕೈ ಯಾಕೆ ಮಾವ ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು.

“ಬಾಯಲ್ಲಿ ಕವಳ ಇದ್ದಲೇ ಕೂಸೇ. ಅಕ್ಷರ ಬರೆಯ ಸಾಮಾನಿಗೆ ಎಂಜಲು ತಾಗ್ಸಲೆ ಆಗ್ತಿಲ್ಲೆ.”

ಎರಡು ವಾರ ಅವರ ಎದುರಿಗೇ ಕೂತು ರೆಕಾರ್ಡ್ ಮಾಡಿದವಳು ನಾನು. ಆ ಕೈ ನನಗೆ ಕಂಡಿರಲಿಲ್ಲ. ಕಾಣುವುದಾದರೂ ಹೇಗೆ? ನಮ್ಮ ಮನೆಯಲ್ಲೂ ಎಲ್ಲರೂ ಹಾಗೇ. ಕವಳದ ಬಾಯಲ್ಲಿ ಹಿರಿಯರ ಎದುರು, ಪುಸ್ತಕದ ಎದುರು ಮಾತಾಡುವಾಗ ಕೈ ತಾನಾಗಿ ಅಡ್ಡ ಬರುತ್ತದೆ. ಅದು ನನಗೆ ಕಣ್ಣುರೆಪ್ಪೆ ಬಡಿದ ಹಾಗೆ. ಹೊರಗಿನವರಾರಾದರೂ ಮೊದಲ ದಿನವೇ ಹಿಡಿದುಬಿಡುತ್ತಿದ್ದರೇನೋ. ಕೈ ತೆಗೆದು ಹೇಳಿ ನೋಡೋಣ ಎಂದೆ. ತೆಗೆದರು, ಎರಡು ಸಾಲು ಅಚ್ಚುಕಟ್ಟಾಗಿ ಟೈಪ್ ಆಯಿತು, ಮೂರನೆಯ ಸಾಲಿಗೆ ಕೈ ಮತ್ತೆ ತನ್ನ ಜಾಗಕ್ಕೆ ಬಂತು, ಅಕ್ಷರ ಮತ್ತೆ ಕೆಟ್ಟಿತು. ನಾಲ್ಕು ಸಲ ಮಾಡಿದೆವು, ನಾಲ್ಕು ಸಲವೂ ಹೀಗೇ. ಕವಳ ಉಗುಳಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಆ ವಾರ ಮೇಲ್ವಿಚಾರಕ ಕೊನೆಯ ಪರಿಶೀಲನೆಗೆಂದು ತಾನೇ ಶಿರಸಿಗೆ ಬಂದ. ಅವನನ್ನು ಕಾರಿನಲ್ಲೇ ಸಿದ್ದಾಪುರಕ್ಕೆ ಎಳೆದುಕೊಂಡು ಹೋದೆ. ಬೆಂಚಿನ ಮೇಲೆ ಕೂರಿಸಿ ಫೋನು ಕೊಟ್ಟು, ಅವನ ಅಂಗೈಯನ್ನೇ ಬೋಗುಣಿ ಮಾಡಿಸಿ ಕೆಳಗಿನ ಅಂಚಿಗೆ ಒತ್ತಿಸಿದೆ. ಈಗ ನಿಮ್ಮ ಶುದ್ಧ ಕನ್ನಡದಲ್ಲಿ ಏನಾದರೂ ಹೇಳಿ ಎಂದೆ. ಹೇಳಿದ. ಅಷ್ಟರಲ್ಲಿ ಸಾಗರದ ಬಸ್ಸು ಹಾರನ್ನು ಒತ್ತುತ್ತ ಹೋಯಿತು. ಪರದೆಯ ಮೇಲೆ ಬಂದದ್ದು ಎರಡೂವರೆ ಪದ. ಇಣುಕಿ ನೋಡಿದ ಮಾವ ತಲೆಯಾಡಿಸಿದರು.

“ನಿಂಗ್ಳ ಉಚ್ಚಾರಣೆನೂ ಅಸ್ಪಷ್ಟ ಇದ್ದು, ತಮಾ.”

ಅಕ್ಕಪಕ್ಕದ ಬೆಂಚಿನವರು ನಕ್ಕರು. ಆತನೂ ನಕ್ಕ, ಅದಕ್ಕೆ ಮೆಚ್ಚುಗೆ ಸಲ್ಲಲೇಬೇಕು. ಆಮೇಲೆ ಲ್ಯಾಪ್‌ಟಾಪು ತೆರೆದು ಷರಾ ತಿದ್ದಿದ. ‘ಉಚ್ಚಾರಣೆ ಅಸ್ಪಷ್ಟ’ ಹೋಗಿ ‘ಬಳಕೆದಾರ ಫೋನು ಹಿಡಿಯುವ ಕ್ರಮ ತಪ್ಪು’ ಬಂತು. ನನ್ನ ತಾಳ್ಮೆ ಕಡಿದದ್ದು ಅಲ್ಲಿ.

“ನೋಡಿ ಮೇಡಂ, ಅವ್ರು ಕೈ ತೆಗೆದ್ರೆ ಪ್ರಾಬ್ಲಮ್ಮೇ ಇಲ್ವಲ್ಲ,” ಎಂದ.

ಕೈ ತೆಗೆಯುವುದಾದರೆ ಎರಡನೆಯ ಮೈಕು ಯಾಕೆ ಹಾಕಿದಿರಿ ಎಂದೆ. ಬೀದಿಯನ್ನು ಸುಮ್ಮನಿರಿಸಲಾಗುವುದಿಲ್ಲ, ಜನ ಇದ್ದ ಹಾಗೇ ಇರುತ್ತಾರೆ ಎಂದುಕೊಂಡಲ್ಲವೇ ಇದನ್ನು ಕಟ್ಟಿದ್ದು? ಬಸ್ಸಿಗೆ ತೋರಿಸುವ ಸಹನೆಯನ್ನು ಮನುಷ್ಯನ ಅಂಗೈಗೆ ತೋರಿಸುವುದಿಲ್ಲವೇಕೆ? ಕೆಳಗಿನ ಮೈಕು ಮುಚ್ಚಿದೆಯೆಂದು ಕಂಡರೆ ಹೋಲಿಕೆ ಬಿಟ್ಟು ಮೇಲಿನದನ್ನೇ ನಂಬು ಎಂದು ಯಂತ್ರಕ್ಕೆ ಹೇಳುವುದು ಅಸಾಧ್ಯವೇ? ಅಸಾಧ್ಯವಲ್ಲ, ಸದ್ಯಕ್ಕೆ ಮಾಡಿಲ್ಲ ಎಂದ. ಹಾಗಾದರೆ ಷರಾ ಹಾಗೇ ಬರೆಯಿರಿ, ‘ಸದ್ಯಕ್ಕೆ ಮಾಡಿಲ್ಲ’ ಎಂದು. ಅದಕ್ಕೆ ಕಾಲಂ ಇಲ್ಲವಂತೆ. ದೋಷಕ್ಕೆ ಅವರ ಹಾಳೆಯಲ್ಲಿ ಇದ್ದದ್ದು ಮೂರೇ ಜಾಗ: ಮಾತುಗಾರ, ಹಿಡಿತ, ಸ್ಥಳ. ಯಂತ್ರಕ್ಕೊಂದು ಕಾಲಮ್ಮೇ ಇಟ್ಟಿರಲಿಲ್ಲ. ಹಾಗೆಂದ ಮೇಲೆ ಯಂತ್ರ ತಪ್ಪುವುದಾದರೂ ಹೇಗೆ?

ವಾದ ಕಾವೇರಿದ್ದಾಗ ನಿಲ್ಕುಂದದ ಕಡೆಯ ಹೆಂಗಸೊಬ್ಬಳು ಪಹಣಿ ಹಿಡಿದು ಬಂದು ಬೆಂಚಿನ ತುದಿಯಲ್ಲಿ ಕೂತಳು. ಮಾವ ನಮ್ಮಿಬ್ಬರನ್ನೂ ನೋಡಿದರು.

“ನಿಂಗ ಎಷ್ಟು ಬೇಕಾರೂ ವಾದ ಮಾಡಿ. ಯಂಗೆ ನಾಳಿಂದ ಇಲ್ಲಿ ಬಪ್ಪಲೆ ಆಗ್ತೋ ಇಲ್ಯೋ, ಅದೊಂದು ಹೇಳಿ.”

ನಾಳೆಯಿಂದ ಅವರು ಬೆಂಚಿಗೆ ಬರಬಹುದೋ ಇಲ್ಲವೋ ಎಂಬ ಆ ಪ್ರಶ್ನೆಯನ್ನು ಇಷ್ಟು ಹೊತ್ತು ನಾವಿಬ್ಬರೂ ಕೇಳಿರಲಿಲ್ಲ. ಮೇಲ್ವಿಚಾರಕ ಕಾರಿನಿಂದ ಇನ್ನೊಂದು ಸಲಕರಣೆ ತಂದ: ಮೇಜಿನ ಮೇಲೆ ನಿಲ್ಲಿಸುವ, ನಾಲ್ಕು ಮೈಕು ಸಾಲಾಗಿರುವ ಗೇಣುದ್ದದ ಪಟ್ಟಿ. ಇದಕ್ಕೆ ಮೇಲು ಕೆಳಗೆಂಬುದಿಲ್ಲ. ಮಾತು ಒಂದು ಮೈಕನ್ನು ಮುಟ್ಟಿ ಇನ್ನೊಂದನ್ನು ಮುಟ್ಟುವ ಕೂದಲೆಳೆಯಷ್ಟು ಸಮಯದ ವ್ಯತ್ಯಾಸದಿಂದ ಅದು ಯಾವ ದಿಕ್ಕಿನಿಂದ ಬಂತೆಂದು ಅಂದಾಜಿಸಿ, ಆ ಕಡೆಗಷ್ಟೇ ಕಿವಿ ಕೊಡುತ್ತದೆ. ಮಾವನಿಂದ ಒಂದು ಮೊಳ ದೂರದಲ್ಲಿ, ಹಿಂದಿನಿಂದ ಬೀದಿಯ ಸದ್ದು ಬಾರದಿರಲೆಂದು ಅವರ ಬೆನ್ನು ಕಚೇರಿಯ ಗೋಡೆಗೆ ಬರುವ ಹಾಗೆ ಇಟ್ಟೆವು. ಎಂಜಲಿನ ಭಯವಿಲ್ಲದ ದೂರವಾದ್ದರಿಂದ ಕೈ ತಾನಾಗಿ ತೊಡೆಯ ಮೇಲೆ ಇಳಿಯಿತು. ಕವಳ ದವಡೆಯಲ್ಲೇ ಇತ್ತು. ಹೆಂಗಸಿನ ಅರ್ಜಿ ಎಂಟು ಸಾಲು ಬಂತು, ತಪ್ಪು ಮೂರು. ಮೂರೂ ಸರ್ವೆ ನಂಬರಿನಲ್ಲಿ, ಆಕೆ ಮಾವನ ಭುಜಕ್ಕೆ ಬಾಗಿ ಪಕ್ಕದಿಂದಲೇ ತಾನೂ ನಂಬರು ಹೇಳಿದಾಗ. ಒಂದೇ ದಿಕ್ಕಿನ ಇಬ್ಬರನ್ನು ಬೇರೆ ಮಾಡಲು ಪಟ್ಟಿಗೂ ಆಗುವುದಿಲ್ಲ. ಇದನ್ನೂ ಬರೆದುಕೊಂಡೆ. ಹೊಸ ಯಂತ್ರಕ್ಕೆ ಆರತಿ ಎತ್ತುವ ಉಮೇದು ನನಗಿರಲಿಲ್ಲ.

ಪಟ್ಟಿಯನ್ನು ಮಳೆಗಾಲ ಮುಗಿಯುವವರೆಗೆ ಮಾವನ ಬಳಿ ಬಿಡುವುದೆಂದು ತೀರ್ಮಾನವಾಯಿತು. ಆತ ಕೊನೆಯ ಹಾಳೆಯನ್ನು ನನ್ನ ಮುಂದೆ ಚಾಚಿದ. ರೆಕಾರ್ಡ್ ಮಾಡಿದವಳ ಸಹಿ ಬೇಕಿತ್ತು. ಹನ್ನೊಂದನೇ ಸಾಲಿನಲ್ಲಿ ಇನ್ನೂ ‘ಹಿಡಿಯುವ ಕ್ರಮ ತಪ್ಪು’ ಎಂದೇ ಇತ್ತು. ಸಹಿ ಹಾಕುವುದಿಲ್ಲ ಎಂದೆ. ಹಾಕದಿದ್ದರೆ ಮುಂದಿನ ಸುತ್ತಿಗೆ ನಿಮ್ಮನ್ನು ಕರೆಯುವುದು ಕಷ್ಟ ಎಂದು ಆತ ಮೆತ್ತಗೆ ಹೇಳಿದ. ಕರೆಯಬೇಡಿ ಎಂದೆ. ಮಾವ ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ಸಹಿ ಹಾಕು ಮಾರಾಯ್ತಿ, ಅದರಲ್ಲಿ ಹೋಗುವುದೇನು ಎಂಬಂತೆ ನೋಡಿದರು, ಅಷ್ಟೆ. ಆಗ ಅವರ ಮೇಲೂ ಸಿಟ್ಟು ಬಂತು.

ಅವರು ಆಗಲೇ ಹೆಂಗಸಿನ ಕಡೆ ತಿರುಗಿಯಾಗಿತ್ತು. ನಂಬರು ತಾನೊಬ್ಬನೇ ಹೇಳುತ್ತೇನೆ, ನೀನು ಸುಮ್ಮನಿರು ಎಂದು ಆಕೆಗೆ ತಾಕೀತು ಮಾಡಿ, ಪಟ್ಟಿಯ ಕಡೆ ಮುಖ ಮಾಡಿ ಮತ್ತೆ ಮೊದಲಿನಿಂದ ಶುರುಮಾಡಿದರು.