ಗೇಟಿನ ಬೋರ್ಡು ಓದಿಸಿದವಳು

ಯಶವಂತನಗರದ ಹತ್ತಿರ ಒಂದು ಕಾರ್ಖಾನೆಯಲ್ಲಿ, ಹಾಜರಿ ಬರೆಯುವ ಟೈಮ್ ಆಫೀಸಿನಲ್ಲಿ ನಾನು ಮೂವತ್ತು ವರ್ಷ ಗುಮಾಸ್ತನಾಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಆದರೂ ಯಾರು ಕನ್ನಡಿಗ, ಯಾರು ಅಲ್ಲ ಎಂದು ರಿಜಿಸ್ಟರಿನಲ್ಲಿ ಬರೆಯುವ ಪೆನ್ನು ನನ್ನ ಕೈಯಲ್ಲಿತ್ತು. ಆ ಪೆನ್ನಿನಿಂದ ಬಂಡ್ರಿಯ ಒಬ್ಬ ಹುಡುಗಿಗೆ ನಾನು ಅನ್ಯಾಯ ಮಾಡಿದೆ.

ನಮ್ಮದು ಸರ್ಕಾರದಿಂದ ಜಾಗ, ರಿಯಾಯಿತಿ ಪಡೆದ ಕಾರ್ಖಾನೆ. ಹಾಗೆ ಪಡೆದವರು ಕೆಳಹಂತದ ಕೆಲಸಗಳನ್ನೆಲ್ಲ ಕನ್ನಡಿಗರಿಗೇ ಕೊಡಬೇಕು. ತಾನಾಗಲಿ ಹೆತ್ತವರಾಗಲಿ ಹದಿನೈದು ವರ್ಷ ಇಲ್ಲಿ ಇದ್ದಿರಬೇಕು, ಕನ್ನಡ ಓದಲು ಬರೆಯಲು ಬರಬೇಕು, ಹತ್ತನೇ ತರಗತಿಯಲ್ಲಿ ಕನ್ನಡ ಒಂದು ಭಾಷೆಯಾಗಿರಬೇಕು. ನಿಯಮ ಸರಿಯೇ ಇದೆ. ಅದರ ರಿಜಿಸ್ಟರು ತುಂಬುತ್ತಿದ್ದ ನಾನು ಸರಿ ಇರಲಿಲ್ಲ.

ಕುಲುಮೆಯ ಕೆಲಸಕ್ಕೆ ಗುತ್ತಿಗೆದಾರ ಉತ್ತರ ಭಾರತದ ಕಡೆಯಿಂದ ಹನ್ನೆರಡು ಜನರನ್ನು ತಂದ. ಊರಿನವರು ಆ ಬಿಸಿಗೆ ನಿಲ್ಲುವುದಿಲ್ಲ ಎನ್ನುತ್ತಿದ್ದರು ಮ್ಯಾನೇಜರು. ನಿಜವೇನೆಂದರೆ ಊರಿನವರು ಎಂಟು ತಾಸಾದರೆ ಟಿಫಿನ್ ಡಬ್ಬಿ ಎತ್ತಿಕೊಂಡು ಹೊರಡುತ್ತಿದ್ದರು, ಇವರು ಹನ್ನೆರಡು ತಾಸಾದರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಹನ್ನೆರಡು ಜನರಿಗೂ ನಾನು ಯಶವಂತನಗರದ ಒಂದೇ ಸಾಲು ಮನೆಯ ವಿಳಾಸ ಬರೆದೆ. ಹತ್ತನೇ ತರಗತಿಯಲ್ಲಿ ಕನ್ನಡ, ವಾಸ ಹದಿನೈದು ವರ್ಷ ಎಂದೆ. ಅವರಲ್ಲೊಬ್ಬನಿಗೆ ಆಗಿನ್ನೂ ಮೀಸೆ ಮೂಡಿರಲಿಲ್ಲ.

ಇನ್ನೆರಡು ತಿಂಗಳಲ್ಲಿ ತಪಾಸಣೆಗೆ ಅಧಿಕಾರಿ ಬರುತ್ತಾರೆಂದು ಗೊತ್ತಾಯಿತು. ಓದಿಸಿ ನೋಡಿದರೆ ಏನು ಗತಿ? ನಮ್ಮ ಗೇಟಿನಲ್ಲಿ ಸುರಕ್ಷತೆಯ ಎಂಟು ಸಾಲಿನ ಬೋರ್ಡು ಇತ್ತು. ಯಾವ ಸಾಹೇಬರು ಬಂದರೂ ಅದನ್ನೇ ಓದಿಸುವುದು ನಮ್ಮಲ್ಲಿ ವಾಡಿಕೆಯಾಗಿತ್ತು. ಕ್ಯಾಂಟೀನಿನಲ್ಲಿ ದಿನಗೂಲಿಗಿದ್ದ ಆ ಬಂಡ್ರಿಯ ಹುಡುಗಿಯನ್ನು ಕರೆದೆ.

"ಇವ್ರಿಗೆ ಈ ಬೋರ್ಡ್ ಬಾಯಿಪಾಠ ಮಾಡಸವ್ವ."

"ಬಾಯಿಪಾಠ ಯಾಕ್ರಿ, ಅಕ್ಷರಾನ ಕಲಿಸ್ತೀನಿ."

"ಅಷ್ಟು ಟೈಮಿಲ್ಲ. ವೇಬ್ರಿಜ್ ಕೆಲಸಕ್ಕ ನಿನ್ನ ಅರ್ಜಿ ಐತಲ್ಲ, ನಾ ನೋಡ್ತೀನಿ."

ಲಾರಿ ತೂಗಿ ಚೀಟಿ ಬರೆಯುವ ಆ ಕೆಲಸ ಕಂಪನಿಯ ಕಾಯಂ ಕೆಲಸ. ಅವಳಿಗೆ ಅದು ಸಿಕ್ಕರೆ ಪಾತ್ರೆ ತೊಳೆಯುವುದು ತಪ್ಪುತ್ತಿತ್ತು. ಎರಡು ತಿಂಗಳು ಮಧ್ಯಾಹ್ನದ ಊಟ ಬಿಟ್ಟು ಅವಳು ಕಲಿಸಿದಳು.

ಅಧಿಕಾರಿ ಬಂದರು. ಮೀಸೆ ಮೂಡದವನು ಬೋರ್ಡಿನ ಮುಂದೆ ನಿಂತು, "ತಲೆಗೆ ಹೆಲ್ಮೆಟ್ ಧರಿಸಿ" ಎಂದು ಶುರುಮಾಡಿ, ಎಂಟು ಸಾಲನ್ನೂ ಒಂದೇ ಉಸಿರಿಗೆ ಹೇಳಿದ. ಅಷ್ಟೂ ಹೊತ್ತು ಅವನ ಕಣ್ಣು ಬೋರ್ಡಿನ ಕೆಳಗೆ ಮಲಗಿದ್ದ ನಾಯಿಯ ಮೇಲಿತ್ತು. ಅಧಿಕಾರಿ ಭೇಷ್ ಎಂದರು. ಕ್ಯಾಂಟೀನಿನ ಬಾಗಿಲಲ್ಲಿ ಅವಳು ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

ಮರುವಾರ ಅವಳ ಅರ್ಜಿ ತೆರೆದೆ. ನಾಲ್ಕನೇ ತರಗತಿವರೆಗೆ ಬಂಡ್ರಿಯ ಶಾಲೆ. ಆಮೇಲೆ ಆಂಧ್ರದ ಗಡಿಯಾಚೆ ಸೋದರತ್ತೆಯ ಮನೆ. ಹತ್ತನೇ ತರಗತಿ ತೆಲುಗು ಮಾಧ್ಯಮ, ಅಂಕಪಟ್ಟಿಯಲ್ಲಿ ಕನ್ನಡವಿಲ್ಲ. ಹುಟ್ಟಿದ ಊರು ಇದೇ, ಅಪ್ಪ ಇಲ್ಲೇ ಅದಿರಿನ ಲಾರಿ ಓಡಿಸಿದವನು. ಆದರೂ ಕಾಲಂನಲ್ಲಿ 'ಅಲ್ಲ' ಎಂದು ಬರೆದೆ. ಹನ್ನೆರಡು ಸುಳ್ಳು ಬರೆದವನಿಗೆ ಹದಿಮೂರನೆಯದರಲ್ಲಿ ನಿಯಮ ನೆನಪಾಯಿತು! ಎಲ್ಲವೂ ಸುಳ್ಳಾದರೆ ಸಿಕ್ಕಿಬೀಳುತ್ತೇನೆ, ಒಂದಾದರೂ ಕಟ್ಟುನಿಟ್ಟಾಗಿರಲಿ ಎಂಬುದು ನನ್ನ ಲೆಕ್ಕಾಚಾರ.

"ಅವ್ರಿಗೆ ಕಲಿಸಿದಾಕಿ ನಾನು. ಅವ್ರು ಕನ್ನಡದವ್ರು, ನಾ ಅಲ್ಲೇನ್ರಿ?"

"ಮಾರ್ಕ್ಸ್ ಕಾರ್ಡ್ ಹಂಗ ಹೇಳ್ತೈತವ್ವ."

ಆ ವರ್ಷವೇ ಕನ್ನಡಿಗರಿಗೆ ಕೆಲಸ ಮೀಸಲಿಡುವ ಹೊಸ ಮಸೂದೆಯ ಸುದ್ದಿ ಬಂತು. ಅಂಕಪಟ್ಟಿಯಲ್ಲಿ ಕನ್ನಡವಿಲ್ಲದವರು ಪರೀಕ್ಷೆ ಬರೆದು ಪಾಸಾದರೆ ಸಾಕು ಎಂದಿತ್ತು. ಅವಳು ಪೇಪರು ಹಿಡಿದುಕೊಂಡು ಓಡಿಬಂದಳು. "ಎಲ್ಲಿ ಬರೀಬೇಕ್ರಿ, ನಾಳೆ ಅಂದ್ರ ನಾಳೆ ಬರೀತೀನಿ." ಅಷ್ಟರಲ್ಲೇ ಸರ್ಕಾರ ಅದನ್ನು ತಡೆಹಿಡಿಯಿತು. ಪರೀಕ್ಷೆಯೂ ಇಲ್ಲ, ಕೆಲಸವೂ ಇಲ್ಲ. ವೇಬ್ರಿಜ್‌ಗೆ ಮ್ಯಾನೇಜರ ಪರಿಚಯದ ಹುಡುಗ ಬಂದ. ಅವನ ಅಂಕಪಟ್ಟಿಯಲ್ಲಿ ಕನ್ನಡ ಇತ್ತು. ಅವನು ಬರೆದ ಚೀಟಿಯನ್ನು ಲಾರಿಯವರು ಯಾರೂ ಓದಲಾರದೆ ಬೈಯುತ್ತಿದ್ದರು.

ನಾನು ನಿವೃತ್ತನಾದ ಮೇಲೆ, ಹೋದ ತಿಂಗಳು ಹೊಸಪೇಟೆ ಬಸ್ ನಿಲ್ದಾಣದಲ್ಲಿ ಅವಳು ಸಿಕ್ಕಳು. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಮೂಟೆ ತೂಗುವ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಅವರಿಗೆ ಅಂಕಪಟ್ಟಿ ಬೇಡವಂತೆ, ಅನುಭವದ ಪತ್ರ ಬೇಕಂತೆ.

ತಪ್ಪಾಯಿತವ್ವ ಎಂದೆ. ಹನ್ನೆರಡು ವಿಳಾಸಗಳನ್ನೂ ಒಪ್ಪಿಕೊಂಡೆ. ಚೀಲದಿಂದ ಹಾಳೆ ತೆಗೆದು, ಈಕೆ ನಮ್ಮಲ್ಲಿ ಎರಡು ತಿಂಗಳು ಹನ್ನೆರಡು ಜನರಿಗೆ ಕನ್ನಡ ಕಲಿಸಿದಳು ಎಂದು ಬರೆದು ಸಹಿ ಮಾಡಿ ಕೊಟ್ಟೆ. ನನ್ನ ಜೀವಮಾನದಲ್ಲಿ ಯಾರ ಬಗ್ಗೆಯಾದರೂ ನಾನು ಬರೆದ ನೆಟ್ಟಗಿನ ಕಾಗದ ಅದೊಂದೇ ಇರಬೇಕು.

ಅವಳು ಎರಡು ಸಲ ಓದಿ ಹಾಳೆಯನ್ನು ತಿರುಗಿಸಿ ನೋಡಿದಳು.

"ಸೀಲ್ ಎಲ್ಲೈತ್ರಿ ಕಾಕಾ?"

ಸೀಲು ಟೈಮ್ ಆಫೀಸಿನಲ್ಲೇ ಉಳಿದಿತ್ತು. ಕಂಪ್ಲಿ ಬಸ್ಸು ಬಂತು. ಕಾಗದವನ್ನು ಅವಳು ಮಡಚಿ ನನ್ನ ಕೈಗೇ ಕೊಟ್ಟು ಹತ್ತಿದಳು.